ಪ್ರೊಬೇಷನ್‌ನಲ್ಲಿದ್ದರೂ ಹೆರಿಗೆ ರಜೆ ಸಿಗುತ್ತದೆ

“ಮಾರ್ಚ್‌ನಲ್ಲಿ ಕೆಲಸಕ್ಕೆ ಸೇರಿದೆ, ಡಿಸೆಂಬರ್ 10ಕ್ಕೆ ಡೇಟ್ ಕೊಟ್ಟಿದ್ದಾರೆ. ಪ್ರೊಬೇಷನ್‌ನವರಿಗೆ ರಜೆ ಇಲ್ಲ, ರಾಜೀನಾಮೆ ಕೊಡಿ ಅಂತಾರೆ ಎಚ್‌ಆರ್. ಏನು ಮಾಡಲಿ?”

ರಾಜೀನಾಮೆ ಕೇಳುತ್ತಿರುವುದು ಬಹುಶಃ ಅವರೇ ತೆಗೆದುಹಾಕಿದರೆ ಕಾನೂನಿನಲ್ಲಿ ಸಿಕ್ಕಿಕೊಳ್ಳುತ್ತಾರೆ ಅಂತ. ನೀವಾಗಿಯೇ ಬರೆದುಕೊಟ್ಟರೆ ಅವರು ಪಾರು. ನನ್ನ ಹಿಂದಿನ ಕಂಪನಿಯಲ್ಲೂ ಇದೇ ಆಟ ನಡೆದಿತ್ತು. ಸಹಿ ಹಾಕಬೇಡಿ.

ಕಾನೂನು ಪ್ರೊಬೇಷನ್ ನೋಡುವುದಿಲ್ಲ, ದಿನ ಎಣಿಸುತ್ತದೆ. ಹೆರಿಗೆಯ ಡೇಟ್‌ಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ನಿಮ್ಮದು ಯಾವಾಗಲೋ ದಾಟಿದೆ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ನೀವು ಬೇಗ ಅಂದರೂ ಅಕ್ಟೋಬರ್ 15ರಿಂದ ಹೊರಡಬಹುದು.

ಇವತ್ತೇ ರಜೆಯ ನೋಟಿಸ್ ಮೇಲ್ ಮಾಡಿ. ಯಾವ ದಿನದಿಂದ ರಜೆ ಅಂತ ಬರೆದು ಡಾಕ್ಟರ್ ಸರ್ಟಿಫಿಕೇಟ್ ಸೇರಿಸಿ. ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ಗೂ ಕಳಿಸಿಕೊಳ್ಳಿ. ಆಫೀಸ್ ಐಡಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು ಅಲ್ವಾ? ಎಚ್‌ಆರ್ ಬಾಯಲ್ಲಿ ಹೇಳಿದ್ದನ್ನೂ ಅದರಲ್ಲೇ ಒಂದು ಸಾಲು ಬರೆಯಿರಿ.

ಇಎಸ್‌ಐ ಇದೆಯಾ ಅಂತ ನೀವು ಬರೆದಿಲ್ಲ. ಪೇಸ್ಲಿಪ್‌ನಲ್ಲಿ ಕಡಿತವಾಗುತ್ತಿದ್ದರೆ ಹಣ ಕೊಡುವುದು ಕಂಪನಿಯಲ್ಲ, ಇಎಸ್‌ಐ. ಅಲ್ಲಿನ ಲೆಕ್ಕ ಬೇರೆ, ಅವರ ಬ್ರಾಂಚ್ ಆಫೀಸಿನಲ್ಲೇ ಕೇಳಿ.

ರಜೆಯಲ್ಲಿದ್ದಾಗ ತೆಗೆದುಹಾಕಿದರೆ ಆದೇಶ ಕೈಸೇರಿದ 60 ದಿನದೊಳಗೆ ಕಾರ್ಮಿಕ ಇಲಾಖೆಗೆ ಮೇಲ್ಮನವಿ ಹಾಕಿ.