ಕೊಬ್ಬರಿ ಎಣ್ಣೆ ಸೋಪಿನ ಆನ್‌ಲೈನ್ ವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ಅರಸೀಕೆರೆ ಹತ್ತಿರ ಮನೆಯಲ್ಲೇ ಕೊಬ್ಬರಿ ಎಣ್ಣೆ ಸೋಪು ಮಾಡಿ ಆನ್‌ಲೈನ್‌ನಲ್ಲಿ ಮಾರ್ತಿದ್ದೀನಿ. 1 ಕೆ.ಜಿ. ಎಣ್ಣೆಗೆ 174 ಗ್ರಾಂ ಕಾಸ್ಟಿಕ್ ಸೋಡಾ ಹಾಕ್ತೀನಿ, ಬೇರೆ ಎಣ್ಣೆ ಇಲ್ಲ. "ಶೇ. 100 ನೈಸರ್ಗಿಕ, ಕೆಮಿಕಲ್ ಇಲ್ಲ, ಮೊಡವೆ ಮಾಯ, ಚರ್ಮ ಮೃದು" ಅಂತ ಬರೆದಿದ್ದೀನಿ. ಆದರೂ "ಮೈ ಬಿಗಿಯುತ್ತೆ", "ಕೊಬ್ಬರಿ ವಾಸನೆಯೇ ಇಲ್ಲ" ಅಂತ ರಿವ್ಯೂ ಬರ್ತಿದೆ. ವಿವರಣೆ ಹೇಗೆ ಬದಲಿಸಲಿ?

ಉತ್ತರ: ಮೊದಲು ಸೋಪು ಬದಲಿಸಿ, ಆಮೇಲೆ ಮಾತು. 1 ಕೆ.ಜಿ. ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ನೀವು 174 ಹಾಕಿದರೆ ಸೋಪಾಗದೆ ಉಳಿಯುವ ಎಣ್ಣೆ ಶೇ. 5 ಮಾತ್ರ. ಬೇರೆ ಎಣ್ಣೆಗಳ ಮಿಶ್ರಣಕ್ಕೆ ಅಷ್ಟು ಸಾಕಾಗಬಹುದು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವಿದೆ. ಅದರ ಸೋಪು ಜಿಡ್ಡನ್ನು ಬಲವಾಗಿ ತೆಗೆಯುತ್ತದೆ, ಚರ್ಮದ ಸ್ವಂತ ಜಿಡ್ಡನ್ನೂ ಬಿಡುವುದಿಲ್ಲ. ನಿಮ್ಮ ಗ್ರಾಹಕರ ಮೈ ಬಿಗಿಯುವುದು ಇದರಿಂದಲೇ. ಪಾತ್ರೆ, ಬಟ್ಟೆಗಾದರೆ ಈ ಅಳತೆ ಚೆನ್ನ. ಮೈಗೆ ಶೇ. 20 ಎಣ್ಣೆ ಉಳಿಸಿ, ಅಂದರೆ 183ರಲ್ಲಿ ಐದನೇ ಒಂದು ಭಾಗ ಕಳೆದು ಸುಮಾರು 146 ಗ್ರಾಂ ಕಾಸ್ಟಿಕ್. ಇದನ್ನು ಗ್ರಾಂ ತಕ್ಕಡಿಯಲ್ಲೇ ತೂಗಿ, ಲೋಟದ ಲೆಕ್ಕ ಬೇಡ.

ಇನ್ನು ವಿವರಣೆ. "ಕೆಮಿಕಲ್ ಇಲ್ಲ" ಎಂಬುದನ್ನು ಅಳಿಸಿ. ಕಾಸ್ಟಿಕ್ ಇಲ್ಲದೆ ಸೋಪೇ ಇಲ್ಲ ಎಂದು ಗೊತ್ತಿರುವ ಒಬ್ಬ ಗ್ರಾಹಕ ಕೇಳಿದರೆ ನಿಮ್ಮ ಮಿಕ್ಕ ಮಾತೂ ಸುಳ್ಳೆನಿಸುತ್ತದೆ. "ಕಾಸ್ಟಿಕ್ ಸೋಡಾ ಎಣ್ಣೆಯ ಜೊತೆ ಸೇರಿ ಸೋಪಾಗಿದೆ, ಬಿಡಿಯಾಗಿ ಉಳಿದಿಲ್ಲ" ಎಂದರೆ ಸಾಕು. ಎಣ್ಣೆಯ ಪಾಲು ಹೆಚ್ಚಿಟ್ಟು, ಪ್ರತಿಸಲ ಸರಿಯಾಗಿ ತೂಗಿದ್ದರೆ ಅದು ನಿಜವೂ ಹೌದು.

"ಮೊಡವೆ ಮಾಯ" ಇನ್ನೂ ಅಪಾಯ. ರೋಗ ಗುಣಪಡಿಸುತ್ತೇನೆ ಎಂದರೆ ಅದು ಸೌಂದರ್ಯವರ್ಧಕ ಅಲ್ಲ, ಔಷಧಿಯ ಮಾತಾಗುತ್ತದೆ. ಅಂದಹಾಗೆ, ಮಾರಾಟಕ್ಕೆಂದು ಮೈಸೋಪು ಮಾಡಲು 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು. ಅದು ಇಲ್ಲದಿದ್ದರೆ ವಿವರಣೆಗಿಂತ ಮುಂಚೆ ಅದನ್ನು ನೋಡಿಕೊಳ್ಳಿ.

ವಾಸನೆಯ ದೂರು ನೀವು ಹೇಳದೆ ಬಿಟ್ಟದ್ದರಿಂದ ಬಂದದ್ದು. ಎಣ್ಣೆ ಸೋಪಾದಾಗ ಕೊಬ್ಬರಿ ವಾಸನೆ ಬಹುಪಾಲು ಹೋಗಿಬಿಡುತ್ತದೆ. ಹೆಸರು ಓದಿದವರು ಮೂಗಿಗೆ ಹಿಡಿದು ಹುಡುಕುವುದು ಸಹಜ. ಹಾಗಾಗಿ ಮೊದಲೇ ಹೇಳಿಬಿಡಿ.

ತೂಕದಲ್ಲೂ ಜಗಳ ಬರುತ್ತದೆ. ಕತ್ತರಿಸಿದ ದಿನ 115 ಗ್ರಾಂ ಇದ್ದ ಸೋಪು ನಾಲ್ಕಾರು ವಾರ ಒಣಗಿದ ಮೇಲೆ ನೀರು ಕಳೆದುಕೊಂಡು ಹಗುರಾಗುತ್ತದೆ. ಆಮೇಲೆ ಹತ್ತು ಸೋಪು ತೂಗಿ, ಅತಿ ಹಗುರಾದದ್ದು 103 ಗ್ರಾಂ ಬಂದರೆ "100 ಗ್ರಾಂ" ಎಂದು ಬರೆಯಿರಿ. ಸರಾಸರಿ ತೆಗೆದುಕೊಳ್ಳಬೇಡಿ, ಅದಕ್ಕಿಂತ ಹಗುರಾದದ್ದು ಸಿಕ್ಕವರು ತೂಗಿ ಫೋಟೊ ಹಾಕುತ್ತಾರೆ.

ಫೋನಿನಲ್ಲಿ ಮೊದಲು ಕಾಣುವುದು ಎರಡು ಮೂರು ಸಾಲು ಮಾತ್ರ. ಅಲ್ಲಿ ಗುಣಗಾನ ಬೇಡ, ಏನು, ಎಷ್ಟು, ಯಾರಿಗೆ ಎಂಬುದಿರಲಿ. 146 ಗ್ರಾಂ ಲೆಕ್ಕದ ಸೋಪಿಗೆ ನಾನು ಹೀಗೆ ಬರೆಯುತ್ತೇನೆ:

"ಕೊಬ್ಬರಿ ಎಣ್ಣೆ ಸೋಪು, ಕೈಯಲ್ಲಿ ಮಾಡಿದ್ದು, 100 ಗ್ರಾಂ. ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ದಟ್ಟ ನೊರೆ. ಸಾಧಾರಣ ಮತ್ತು ಎಣ್ಣೆ ಚರ್ಮಕ್ಕೆ. ತೀರಾ ಒಣ ಚರ್ಮದವರು ಮೊದಲು ಕೈ ತೊಳೆದು ನೋಡಿ.

ಇದರಲ್ಲಿರುವುದು: ಕೊಬ್ಬರಿ ಎಣ್ಣೆಯ ಸೋಪು, ಸೋಪಾಗದೆ ಉಳಿದ ಕೊಬ್ಬರಿ ಎಣ್ಣೆ, ಗ್ಲಿಸರಿನ್, ನೀರು. ಬಣ್ಣ, ಸುವಾಸನೆ ಬೆರೆಸಿಲ್ಲ, ಹಾಗಾಗಿ ಕೊಬ್ಬರಿ ವಾಸನೆ ಹೆಚ್ಚಿರದು. ಐದು ವಾರ ಒಣಗಿಸಿದೆ. ನೀರು ಇಳಿಯುವ ಸೋಪುಪೆಟ್ಟಿಗೆಯಲ್ಲಿ ಇಡಿ. ಮಳೆಗಾಲದಲ್ಲಿ ಮೇಲೆ ಬೆವರಿನಂತೆ ಹನಿ ಕಂಡರೆ ಅದು ಕೆಟ್ಟಿದ್ದಲ್ಲ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡಿದೆ, ಒರೆಸಿ ಬಳಸಿ."

ಕೊನೆಯ ಸಾಲು ಮುಖ್ಯ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲಕ್ಕೆ ಹೋದ ಸೋಪು ಹನಿಹನಿಯಾಗಿ ಕಂಡರೆ ಜನ ವಾಪಸ್ ಕಳಿಸುತ್ತಾರೆ. ಒಣ ಚರ್ಮದವರಿಗೆ ಎಚ್ಚರಿಕೆ ಹಾಕಿದರೆ ಮಾರಾಟ ಇಳಿಯುತ್ತೇನೋ ಎಂದು ಅಂಜಬೇಡಿ, ಅವರು ಕೊಂಡರೆ "ಮೈ ಬಿಗಿಯುತ್ತೆ" ಎಂಬ ಒಂದು ಸ್ಟಾರ್ ಬರುವುದು ಅವರಿಂದಲೇ. ಒಳಗಿರುವುದರ ಪಟ್ಟಿ ಮಾತ್ರ ಪೆಟ್ಟಿಗೆಯ ಮೇಲಿನದಕ್ಕೆ ಅಕ್ಷರಶಃ ಹೊಂದಬೇಕು. ಹಳೆಯ 174 ಗ್ರಾಂ ಅಳತೆಯ ಸರಕು ಉಳಿದಿದ್ದರೆ ಅದನ್ನು ಈ ವಿವರಣೆಯಡಿ ಮಾರಬೇಡಿ, ಪಾತ್ರೆ ಸೋಪೆಂದು ಬೇರೆಯಾಗಿ ಹಾಕಿ.