ಖರೀದಿ ಪತ್ರದ ಡ್ರಾಫ್ಟ್‌ನಲ್ಲಿ ಚಕ್ಕುಬಂದಿ ಓದುವುದು ಹೇಗೆ?

ಪ್ರಶ್ನೆ: ಕಲಬುರಗಿಯಲ್ಲಿ 30×40 ಪ್ಲಾಟ್ ತಗೊಳ್ತಾ ಇದ್ದೀನಿ. ರೈಟರ್ ಡ್ರಾಫ್ಟ್ ಕೊಟ್ಟಿದ್ದಾರೆ. ಹೆಸರು, ರೊಕ್ಕ ಸರಿ ಇದೆ. ಉಳಿದದ್ದು ಎಲ್ಲ ಪತ್ರದಲ್ಲೂ ಇರೋದೇ ಅಂತಾರೆ. ರಿಜಿಸ್ಟ್ರೇಷನ್ ಮುಂಚೆ ಮತ್ತೇನು ನೋಡ್ಬೇಕು?

ಆ "ಎಲ್ಲ ಪತ್ರದಲ್ಲೂ ಇರೋ" ಭಾಗದಲ್ಲೇ ನಾನು ಸಿಕ್ಕಿಬಿದ್ದಿದ್ದೆ. ಸೇಡಂ ರಸ್ತೆ ಕಡೆ ಪ್ಲಾಟ್ ತಗೊಂಡಾಗ ನಾನೂ ಹೆಸರು, ರೊಕ್ಕ ನೋಡಿ ಸಹಿ ಹಾಕಿದೆ. ಎರಡು ವರ್ಷ ಆದ ಮೇಲೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಪತ್ರವನ್ನು ವಾಪಸ್ ಕೊಟ್ಟರು. ಅದರಲ್ಲಿ ಬರೆದ ಜಾಗ ನೆಲದ ಮೇಲೆ ಇಲ್ಲ ಅಂದರು.

ನನ್ನದು 14ನೇ ಪ್ಲಾಟ್. ರಸ್ತೆ ಇರುವುದು ಪಶ್ಚಿಮಕ್ಕೆ. ಉತ್ತರಕ್ಕೆ 13, ದಕ್ಷಿಣಕ್ಕೆ 15, ಬೆನ್ನಿಗೆ ಅಂದರೆ ಪೂರ್ವಕ್ಕೆ 31. ಪತ್ರದಲ್ಲಿ ಜಾಗದ ವಿವರ ಬರೆಯುವ ಷೆಡ್ಯೂಲ್‌ನಲ್ಲಿ, ಚಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಕಡೆ ಮಾತ್ರ "ಪೂರ್ವಕ್ಕೆ: 30 ಅಡಿ ರಸ್ತೆ, ಪಶ್ಚಿಮಕ್ಕೆ: ಪ್ಲಾಟ್ ನಂ. 31" ಅಂತ ಇತ್ತು. ರೈಟರ್ ಆಚೆ ಸಾಲಿನ ಯಾವುದೋ ಪ್ಲಾಟಿನ ಹಳೇ ಫೈಲ್ ತೆಗೆದು ನಂಬರ್ ಅಷ್ಟೇ ಬದಲಿಸಿದ್ದರು. ಆ ಸಾಲಿನವರಿಗೆ ರಸ್ತೆ ಪೂರ್ವಕ್ಕೇ ಬರುತ್ತದೆ. ಓದುವಾಗ ಎಲ್ಲೂ ತಪ್ಪು ಅನ್ನಿಸುವುದಿಲ್ಲ. ಬರೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅದಕ್ಕೇ ನೀವು ಒಂದು ಬಿಳಿ ಹಾಳೆ ತಗೊಳ್ಳಿ. ಲೇಔಟ್ ನಕ್ಷೆಯನ್ನು ಈಗಲೇ ನೋಡಬೇಡಿ. ಡ್ರಾಫ್ಟ್‌ನ ಷೆಡ್ಯೂಲ್ ಏನು ಹೇಳುತ್ತದೋ ಅಷ್ಟನ್ನೇ ಬಿಡಿಸಿ: ಮೇಲೆ ಉತ್ತರ, ನಾಲ್ಕು ಕಡೆ ನಾಲ್ಕು ಗುರುತು, ನಾಲ್ಕು ಅಳತೆ. ಮೊದಲು ಅಳತೆ ನೋಡಿ. ರಸ್ತೆ ಪಶ್ಚಿಮಕ್ಕಿದ್ದು ಮುಂಭಾಗ 30 ಅಡಿ ಇದ್ದರೆ, ಉತ್ತರ-ದಕ್ಷಿಣ 30, ಪೂರ್ವ-ಪಶ್ಚಿಮ 40 ಅಂತ ಇರಬೇಕು. ಉಲ್ಟಾ ಬರೆದರೂ 1200 ಚದರ ಅಡಿಯೇ ಬರುತ್ತದೆ, 111.48 ಚದರ ಮೀಟರೇ ಬರುತ್ತದೆ. ಹಾಗಾಗಿ ಮೊತ್ತ ಸರಿ ಇದೆ ಅಂತ ಸುಮ್ನೆ ಬಿಡಬೇಡಿ.

ಆಮೇಲೆ ಆ ಹಾಳೆ ಹಿಡಿದು ಪ್ಲಾಟಿಗೇ ಹೋಗಿ. ಮೊಬೈಲಿನ ದಿಕ್ಸೂಚಿ ಸಾಕು. ಸಾಧ್ಯ ಆದರೆ ಪಕ್ಕದ ಪ್ಲಾಟಿನವರ ಪತ್ರ ಕೇಳಿ ನೋಡಿ. ನನ್ನ ದಕ್ಷಿಣಕ್ಕೆ 15 ಇದ್ದರೆ, ಅವರ ಉತ್ತರಕ್ಕೆ ನನ್ನ 14 ಬರಲೇಬೇಕು ಅಲ್ವಾ? ಇದಕ್ಕಿಂತ ಗಟ್ಟಿ ಪರೀಕ್ಷೆ ನನಗೆ ಗೊತ್ತಿಲ್ಲ. "ಪಶ್ಚಿಮಕ್ಕೆ: ಬೇರೆಯವರ ಜಾಗ" ಅಂತ ಬರೆದಿದ್ದರೆ ಒಪ್ಪಬೇಡಿ. ಪ್ಲಾಟ್ ನಂಬರೋ ಸರ್ವೆ ನಂಬರೋ ಬರೆಸಿ. ಕೊನೆಗೆ ಅದೇ ಹಾಳೆಯನ್ನು ಮಂಜೂರಾದ ಲೇಔಟ್ ನಕ್ಷೆ, ಮಾರುವವರ ಹಳೇ ಪತ್ರ, ಇ-ಖಾತಾ, ಮೂರಕ್ಕೂ ಹೋಲಿಸಿ. ಹಳೇ ಪತ್ರದಲ್ಲೇ ತಪ್ಪಿದ್ದರೆ ಅದನ್ನು ಮೊದಲು ಸರಿಪಡಿಸಲಿ.

ಇನ್ನು ಪತ್ರದ ಮುಂಭಾಗ. ಮಾರುವವರಿಗೆ ಆ ಜಾಗ ಹೇಗೆ ಬಂತು ಅಂತ ಅಲ್ಲಿ ಬರೆದಿರುತ್ತದೆ. ಯಾರಿಂದ, ಯಾವ ತಾರೀಖು, ಯಾವ ದಸ್ತಾವೇಜು ನಂಬರ್ ಅನ್ನುವುದನ್ನು ಇ.ಸಿ., ಅಂದರೆ ಆ ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗುರುತು ಹಾಕಿ. ಅಲ್ಲಿನ ಸರ್ವೆ ನಂಬರ್, ಪ್ಲಾಟ್ ನಂಬರ್ ಕೆಳಗಿನ ಷೆಡ್ಯೂಲ್‌ನಲ್ಲೂ ಅದೇ ಇರಬೇಕು. "ತಂದೆಯವರ ನಂತರ ನನ್ನ ಹೆಸರಿಗೆ ಖಾತಾ ಆಗಿದೆ" ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿ. ಖಾತಾ ತೆರಿಗೆಗೆ, ಅದರಿಂದ ಮಾಲೀಕತ್ವ ಬರುವುದಿಲ್ಲ. ಹಿಂದೂ ಕುಟುಂಬದಲ್ಲಿ ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ ಸ್ವಂತ ಗಳಿಕೆಯಲ್ಲಿ ತಾಯಿಗೂ, ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಸಮಪಾಲು ಇದೆ. ಅವರೂ ಮಾರುವವರಾಗಿ ಸಹಿ ಹಾಕಬೇಕು. ಇಲ್ಲವೇ ಅವರು ಹಕ್ಕು ಬಿಟ್ಟುಕೊಟ್ಟ ನೋಂದಾಯಿತ ಪತ್ರದ ನಂಬರ್ ಇಲ್ಲಿ ಬಂದಿರಬೇಕು.

"ತಪ್ಪಿದ್ದರೆ ಆಮೇಲೆ ತಿದ್ದುಪಡಿ ಪತ್ರ ಮಾಡಿದರಾಯ್ತು" ಅಂತ ರೈಟರ್ ಹೇಳಬಹುದು. ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಅವರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಂ ಹಿಡಿದು ಸಿವಿಲ್ ಕೋರ್ಟಿಗೆ ಹೋಗಬೇಕು. ನನಗೆ ಮಾರಿದವರು ಅಷ್ಟರಲ್ಲಿ ಊರು ಬಿಟ್ಟು ಪುಣೆಗೆ ಹೋಗಿದ್ದರು. ಒಳ್ಳೆಯವರು, ಬಂದರು. ಆದರೆ ಅವರನ್ನು ಕರೆಸುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು. ಸಾಲದ ಅರ್ಜಿಯನ್ನು ಹೊಸದಾಗಿ ಹಾಕಬೇಕಾಯಿತು.

ಡ್ರಾಫ್ಟ್ ತಿದ್ದಿದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ತುಂಬಿದ ವಿವರವನ್ನೂ ಒಮ್ಮೆ ತೋರಿಸಲು ಹೇಳಿ. ಪತ್ರದಲ್ಲಿ ಸರಿಪಡಿಸಿ, ಅಲ್ಲಿ ಹಳೇ ಚಕ್ಕುಬಂದಿಯನ್ನೇ ಬಿಟ್ಟಿರುವ ಸಾಧ್ಯತೆ ಇದೆ.