ಮಂಗನ ಕಾಯಿಲೆಯ ಸ್ಲೈಡ್‌ಗಳಿಂದ ಒಂದು ನಿಮಿಷದ ರೇಡಿಯೋ ಪ್ರಕಟಣೆ

ಪ್ರಶ್ನೆ: ಮಂಗನ ಕಾಯಿಲೆಯ ಜಾಗೃತಿಗೆಂದು ಮಾಡಿದ ಸ್ಲೈಡ್‌ಗಳು ನನ್ನ ಬಳಿ ಇವೆ. ತೀರ್ಥಹಳ್ಳಿ, ಸಾಗರ ಕಡೆಯ ಹಳ್ಳಿಗರಿಗಾಗಿ ಇದನ್ನೇ ಒಂದು ನಿಮಿಷದ ರೇಡಿಯೋ ಪ್ರಕಟಣೆ ಮಾಡಬೇಕು. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಮೊದಲು ಕೇಳುಗರನ್ನು ಗೊತ್ತುಮಾಡಿಕೊಳ್ಳಿ. ನಾನಾದರೆ ನಾಳೆ ಬೆಳಿಗ್ಗೆ ದರಗು, ಎಂದರೆ ಉದುರಿದ ಒಣ ಎಲೆ, ತರಲು ಕಾಡಿಗೆ ಹೊರಡುವ ಹೆಂಗಸನ್ನು ಆರಿಸಿಕೊಳ್ಳುತ್ತೇನೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಯಿಲೆ ಪತ್ತೆಯಾದ ಕಥೆ, ವೈರಾಣುವಿನ ಚಿತ್ರ, ನಕ್ಷೆ ಇವೆಲ್ಲ ಆಕೆಯ ಕೆಲಸಕ್ಕೆ ಬರುವುದಿಲ್ಲ, ಬಿಡಿ. ಸ್ಲೈಡ್‌ಗಳು ಹಳೆಯವಾಗಿದ್ದರೆ ಲಸಿಕೆಯ ಮಾತೂ ಇರಬಹುದು. ಆ ಹಳೆಯ ಲಸಿಕೆ ಕೊಡುವುದನ್ನು ನಿಲ್ಲಿಸಿದ್ದಾರೆ, ಅದನ್ನು ಖಂಡಿತ ತೆಗೆಯಿರಿ. ‘ಕಾಡಿಗೆ ಹೋಗಬೇಡಿ’ ಎನ್ನುವುದೂ ಬೇಡ. ಕೊಟ್ಟಿಗೆಗೆ ದರಗು ಬೇಕೇ ಬೇಕು, ಆಕೆ ಹೋಗಿಯೇ ಹೋಗುತ್ತಾಳೆ.

ಹೆಚ್ಚು ಯೋಚಿಸಬೇಕಾದದ್ದು ಲಕ್ಷಣಗಳ ಸ್ಲೈಡ್ ಬಗ್ಗೆ. ಅದರಲ್ಲಿ ಜ್ವರ, ತಲೆನೋವು, ಮೈಕೈ ನೋವು, ವಾಂತಿ, ವಸಡು ಮತ್ತು ಮೂಗಿನಿಂದ ರಕ್ತ ಎಂದು ಸಾಲಾಗಿ ಇರುತ್ತದೆ. ಹಾಗೆಯೇ ಓದಿದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ರಕ್ತವೊಂದೇ, ಅದು ಕಾಣುವವರೆಗೂ ಮನೆಯಲ್ಲೇ ಮಲಗಿರುತ್ತಾರೆ. ರಕ್ತಸ್ರಾವ ಎಲ್ಲರಿಗೂ ಆಗುವುದಿಲ್ಲ, ಆಗುವವರಿಗೂ ಅದು ಜ್ವರ ಬಂದು ಕೆಲವು ದಿನಗಳ ನಂತರ. ಈ ಕಾಯಿಲೆಗೆಂದೇ ಪ್ರತ್ಯೇಕ ಔಷಧಿ ಇಲ್ಲದಿರುವುದರಿಂದ ಬೇಗ ಆಸ್ಪತ್ರೆ ಸೇರುವುದೇ ಮುಖ್ಯ. ಆದ್ದರಿಂದ ಜ್ವರ, ತಲೆನೋವು ಎರಡನ್ನೇ ಹೇಳಿ.

ಇಷ್ಟನ್ನು ಹೀಗೆ ಬರೆಯಬಹುದು:

“ನಾಳೆ ದರಗು ತರಲು ಕಾಡಿಗೆ ಹೊರಟಿದ್ದೀರಾ? ಸ್ವಲ್ಪ ಕೇಳಿ. ಮಂಗನ ಕಾಯಿಲೆ ನಮಗೆ ಬರುವುದು ಉಣುಗು ಕಚ್ಚುವುದರಿಂದ. ಅದು ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹೊರಡುವ ಮುನ್ನ ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ದುಡ್ಡು ಕೊಡಬೇಕಾಗಿಲ್ಲ. ಮೈತುಂಬ ಬಟ್ಟೆ ತೊಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಆಮೇಲೆ ಜ್ವರ, ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ನೆನಪಿಡಿ: ಹೊರಡುವ ಮುನ್ನ ಎಣ್ಣೆ, ಬಂದ ಮೇಲೆ ಬಿಸಿನೀರು.”

ನಿಧಾನವಾಗಿ ಓದಿದರೆ ಹೆಚ್ಚುಕಡಿಮೆ ಒಂದು ನಿಮಿಷ. ಉಣುಗಿನ ಗಾತ್ರ ಹೇಳಿದ್ದೇಕೆಂದರೆ, ಸ್ಲೈಡಿನಲ್ಲಿ ಅದರ ಚಿತ್ರ ಅಂಗೈಯಷ್ಟು ದೊಡ್ಡದಿರುತ್ತದೆ. ರೇಡಿಯೋದಲ್ಲಿ ಚಿತ್ರವಿಲ್ಲ, ದನದ ಮೈಮೇಲೆ ಕಾಣುವ ದಪ್ಪ ಉಣುಗನ್ನೇ ಜನ ನೆನೆಸಿಕೊಳ್ಳುತ್ತಾರೆ. ಸತ್ತ ಮಂಗದ ಮಾತು ಒಂದೇ ಸಲ ಬರಲಿ, ಆದರೆ ಬಿಡಬೇಡಿ: ಮಂಗ ಸತ್ತ ಜಾಗದಲ್ಲಿ ಅದರ ಮೈಯಿಂದ ಉದುರಿದ ಉಣುಗುಗಳಿರುತ್ತವೆ.

ಧ್ವನಿಮುದ್ರಣಕ್ಕೆ ಮೊದಲು, ಕಾಡಿಗೆ ಹೋಗುವ ಒಬ್ಬರ ಮುಂದೆ ಒಮ್ಮೆ ಮಾತ್ರ ಓದಿ, ‘ನಾಳೆ ಏನು ಮಾಡುತ್ತೀರಿ?’ ಎಂದು ಕೇಳಿ. ‘ಮಂಗಗಳಿಂದ ದೂರ ಇರಬೇಕಂತೆ’ ಎಂದಷ್ಟೇ ಹೇಳಿದರೆ ಉಣುಗಿನ ಸಾಲನ್ನು ಮತ್ತೆ ಬರೆಯಿರಿ. ‘ಆಶಾ ಹತ್ತಿರ ಎಣ್ಣೆ ಕೇಳುತ್ತೇನೆ’ ಎಂದರೆ ಧ್ವನಿಮುದ್ರಣಕ್ಕೆ ಕಳುಹಿಸಿ. ಅದಕ್ಕೂ ಮುನ್ನ ಆ ಊರುಗಳಿಗೆ ಎಣ್ಣೆ ತಲುಪಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.